ರೇಖೆ ಮಟ್ಟಸವಾದದ್ದು ಯಾರಿಂದ? ಕಿಣ್ವದ ವೇಗದ ಪ್ರಯೋಗದಲ್ಲಿ ಸಿಕ್ಕ ಒಂದು ದೋಷ

ಗದಗಿನ ಒಂದು ಪದವಿ ಕಾಲೇಜಿನಲ್ಲಿ ಜೀವರಸಾಯನಶಾಸ್ತ್ರ ಕಲಿಸುವ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬರು ಒಂದು ಸಂಜೆ ಧಾರವಾಡದ ನನ್ನ ಮನೆಗೆ ಫೋನ್ ಮಾಡಿದರು. "ಸರ್, ಹ್ಯಾಂಡೌಟಿನಲ್ಲಿ ಇರುವಂಥದೇ ವಕ್ರರೇಖೆ ಬಂದಿದೆ. ಮೇಲೇರಿ, ಬಾಗಿ, ಚೆಂದಾಗಿ ಮಟ್ಟಸವಾಗಿದೆ. ಆದರೆ ಕೆಎಂ ಮಾತ್ರ 0.5 ಬರುವ ಬದಲು 0.2 ಬರುತ್ತಿದೆ. ಮೂರು ತಂಡಗಳು ಮಾಡಿದವು, ಮೂರಕ್ಕೂ ಅದೇ ಉತ್ತರ."

ಕೆಎಂ ಎಂದರೆ ಕಿಣ್ವದ ವೇಗ ತನ್ನ ಗರಿಷ್ಠದ ಅರ್ಧ ಮುಟ್ಟಲು ಬೇಕಾದ ವಸ್ತುವಿನ ಸಾಂದ್ರತೆ; ಅದರ ವಿವರ ಮುಂದೆ ಬರುತ್ತದೆ. ಮೂರಕ್ಕೂ ಅದೇ ಉತ್ತರ ಎಂಬ ಮಾತೇ ನನ್ನ ಗಮನ ಸೆಳೆಯಿತು. ಕೈತಪ್ಪಿನಿಂದ ಆಗುವ ದೋಷ ತಂಡದಿಂದ ತಂಡಕ್ಕೆ ಬದಲಾಗುತ್ತದೆ. ಎಲ್ಲರೂ ಒಂದೇ ತಪ್ಪು ಸಂಖ್ಯೆಗೆ ಬಂದು ನಿಂತರೆ ತಪ್ಪು ವಿಧಾನದಲ್ಲಿದೆ, ಇಲ್ಲವೇ ಉಪಕರಣದಲ್ಲಿದೆ. ಅದನ್ನು ಹುಡುಕಿದ ಬಗೆಯನ್ನು ಇಲ್ಲಿ ಬರೆಯುತ್ತಿದ್ದೇನೆ. ಇದೇ ಪ್ರಯೋಗ ಮಾಡುವ ಬೇರೆ ಕಡೆಗಳಲ್ಲೂ ಇದೇ ದೋಷ ಇರಬಹುದು, ಮತ್ತು ರೇಖೆ ನೋಡಲು ಸರಿಯಾಗಿಯೇ ಕಾಣುವುದರಿಂದ ಯಾರೂ ಅದನ್ನು ಪ್ರಶ್ನಿಸದೆ ಹೋಗಬಹುದು.

ಪ್ರಯೋಗ ಏನು

ಹೆಸರುಕಾಳನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸುತ್ತಾರೆ. ಮೂರು ದಿನದ ಮೊಳಕೆಯನ್ನು ಐದು ಪಿಎಚ್‌ನ ತಣ್ಣನೆಯ ಅಸಿಟೇಟ್ ಬಫರ್‌ನಲ್ಲಿ ಅರೆದು, ಸೋಸಿ, ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ ಮೇಲಿನ ತಿಳಿಯನ್ನು ತೆಗೆದುಕೊಳ್ಳುತ್ತಾರೆ. ಅದರಲ್ಲಿ ಆಸಿಡ್ ಫಾಸ್ಫಟೇಸ್ ಎಂಬ ಕಿಣ್ವ ಇರುತ್ತದೆ. ನಮ್ಮ ಭಾಗದಲ್ಲಿ ಹೆಸರುಕಾಳಿಗೆ ಕೊರತೆಯಿಲ್ಲ, ಆದ್ದರಿಂದ ಈ ಪ್ರಯೋಗ ಕಡಿಮೆ ಖರ್ಚಿನದು. ಸಬ್‌ಸ್ಟ್ರೇಟ್, ಅಂದರೆ ಕಿಣ್ವ ಹಿಡಿದು ಒಡೆಯುವ ವಸ್ತು, ಪ್ಯಾರಾ-ನೈಟ್ರೋಫಿನೈಲ್ ಫಾಸ್ಫೇಟ್. ಅದಕ್ಕೆ ಬಣ್ಣವಿಲ್ಲ. ಕಿಣ್ವ ಅದರಿಂದ ಫಾಸ್ಫೇಟನ್ನು ಕತ್ತರಿಸಿದಾಗ ಪ್ಯಾರಾ-ನೈಟ್ರೋಫಿನಾಲ್ ಉಳಿಯುತ್ತದೆ. ಸೋಡಿಯಂ ಹೈಡ್ರಾಕ್ಸೈಡ್ ಸುರಿದರೆ ಕ್ರಿಯೆ ಅಲ್ಲಿಗೇ ನಿಲ್ಲುತ್ತದೆ, ದ್ರಾವಣ ಅರಿಶಿನದಂತೆ ಹಳದಿಯಾಗುತ್ತದೆ.

ಗದಗಿನವರು ಆರು ಟ್ಯೂಬ್‌ಗಳಲ್ಲಿ 0.1, 0.25, 0.5, 1, 2 ಮತ್ತು 5 ಮಿಲಿಮೋಲಾರ್ ಸಬ್‌ಸ್ಟ್ರೇಟ್ ಇಟ್ಟಿದ್ದರು. ಪ್ರತಿ ಟ್ಯೂಬ್‌ನಲ್ಲಿ ಕ್ರಿಯೆಯ ಮಿಶ್ರಣ 1 ಮಿಲಿಲೀಟರ್. ಹತ್ತು ನಿಮಿಷ ಬಿಟ್ಟು, 1 ಮಿಲಿಲೀಟರ್ ಹೈಡ್ರಾಕ್ಸೈಡ್ ಹಾಕಿ, 405 ನ್ಯಾನೋಮೀಟರ್‌ನಲ್ಲಿ ಓ.ಡಿ. ಓದಿದರು. ಓ.ಡಿ. ಎಂದರೆ ದ್ರಾವಣ ಎಷ್ಟು ಬೆಳಕನ್ನು ಹೀರುತ್ತದೆ ಎಂದು ಉಪಕರಣ ತೋರಿಸುವ ಸಂಖ್ಯೆ; ಹಳದಿ ಗಾಢವಾದಷ್ಟೂ ಅದು ಹೆಚ್ಚು, ಅದನ್ನೇ ಇಲ್ಲಿ ವೇಗದ ಅಳತೆಯಾಗಿ ಹಿಡಿಯುತ್ತಾರೆ. ಸಿಕ್ಕ ಓದುಗಳು ಅನುಕ್ರಮವಾಗಿ 0.52, 1.12, 1.68, 1.94, 1.99, 2.00. ಗರಿಷ್ಠ 2.00, ಅದರ ಅರ್ಧ 1.00. ಗ್ರಾಫ್‌ನಲ್ಲಿ 1.00ರಿಂದ ಅಡ್ಡಗೆರೆ ಎಳೆದು, ರೇಖೆ ತಾಗಿದ ಕಡೆಯಿಂದ ಕೆಳಕ್ಕೆ ಇಳಿದರೆ ಸುಮಾರು 0.22 ಮಿಲಿಮೋಲಾರ್. ಹ್ಯಾಂಡೌಟಿನಲ್ಲಿ ಇದೇ ವಿಧಾನಕ್ಕೆ ಕೊಟ್ಟಿದ್ದ ಉತ್ತರ 0.5.

ಸರಿಯಾದ ರೇಖೆ ಹೇಗಿರಬೇಕು

ದೋಷ ಗುರುತಿಸಬೇಕಾದರೆ ದೋಷವಿಲ್ಲದ ರೇಖೆ ಏಕೆ ಬಾಗುತ್ತದೆ ಎಂದು ಮೊದಲು ತಿಳಿದಿರಬೇಕು. ಹಾವೇರಿ ಜಿಲ್ಲೆಯ ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯನ್ನು ನೆನೆಸಿಕೊಳ್ಳಿ. ಅಂಗಳದಲ್ಲಿ ಹತ್ತು ತೂಕದ ಕಾಂಟಾಗಳಿವೆ ಎನ್ನೋಣ. ಬೆಳಿಗ್ಗೆ ಒಂದೊಂದೇ ಚೀಲ ಬರುವಾಗ ಕಾಂಟಾಗಳು ಬಹುಪಾಲು ಖಾಲಿ ಇರುತ್ತವೆ. ಚೀಲ ಎರಡರಷ್ಟು ಬಂದರೆ ತೂಕವಾಗುವ ಚೀಲವೂ ಎರಡರಷ್ಟಾಗುತ್ತದೆ. ಹೊತ್ತೇರಿ ಚೀಲಗಳ ರಾಶಿ ಬಿದ್ದ ಮೇಲೆ ಪ್ರತಿ ಕಾಂಟಾದ ಮೇಲೂ ಯಾವಾಗಲೂ ಒಂದು ಚೀಲ ಕುಳಿತೇ ಇರುತ್ತದೆ. ಆಗ ಇನ್ನೂ ನೂರು ಲಾರಿ ಬಂದರೂ ಗಂಟೆಗೆ ತೂಕವಾಗುವ ಚೀಲ ಹೆಚ್ಚುವುದಿಲ್ಲ. ಕಿಣ್ವದ ಪರ್ಯಾಪ್ತತೆ ಎಂದರೆ ಇದೇ. ಕಿಣ್ವದ ಪ್ರತಿ ಅಣುವಿನಲ್ಲೂ ಸಬ್‌ಸ್ಟ್ರೇಟ್ ಕೂರುವ ಜಾಗ ಇದೆ; ಆ ಜಾಗಗಳೆಲ್ಲ ತುಂಬಿಕೊಂಡೇ ಇರುವಾಗ ಸಿಗುವ ವೇಗ ಗರಿಷ್ಠ ವೇಗ.

ಹತ್ತು ಕಾಂಟಾಗಳಲ್ಲಿ ಸರಾಸರಿ ಐದು ತುಂಬಿರುವಷ್ಟು ಚೀಲ ಅಂಗಳದಲ್ಲಿದ್ದರೆ ತೂಕದ ವೇಗವೂ ಗರಿಷ್ಠದ ಅರ್ಧ ಇರುತ್ತದೆ. ಆ ಸ್ಥಿತಿಗೆ ಬೇಕಾದ ಸಬ್‌ಸ್ಟ್ರೇಟ್ ಸಾಂದ್ರತೆಯೇ ಕೆಎಂ, ಮೈಕೇಲಿಸ್ ಸ್ಥಿರಾಂಕ. ಲಿಯೊನೋರ್ ಮೈಕೇಲಿಸ್ ಮತ್ತು ಮಾಡ್ ಮೆಂಟೆನ್ 1913ರಲ್ಲಿ ಸಕ್ಕರೆ ಒಡೆಯುವ ಇನ್ವರ್ಟೇಸ್ ಕಿಣ್ವದ ಮೇಲೆ ಮಾಡಿದ ಕೆಲಸದಿಂದ ಬಂದ ಸಮೀಕರಣ ಇದು:

```
v = Vmax × S / (Km + S)
```

ಇದರಲ್ಲಿ v ವೇಗ, Vmax ಗರಿಷ್ಠ ವೇಗ, S ಸಬ್‌ಸ್ಟ್ರೇಟ್ ಸಾಂದ್ರತೆ, Km ಕೆಎಂ. S ಜಾಗದಲ್ಲಿ Km ಇಟ್ಟು ನೋಡಿ, ವೇಗ ಗರಿಷ್ಠದ ಸರಿಯಾಗಿ ಅರ್ಧ ಬರುತ್ತದೆ. ಕೆಎಂ ವೇಗವಲ್ಲ, ಸಾಂದ್ರತೆ. ಅದು ಗ್ರಾಫ್‌ನ ಅಡ್ಡ ಅಕ್ಷದ ಮೇಲೆ ಇರುತ್ತದೆ, ನಿಂತ ಅಕ್ಷದ ಮೇಲಲ್ಲ. ಪರೀಕ್ಷೆಯ ಉತ್ತರ ಪತ್ರಿಕೆಗಳಲ್ಲಿ ಕೆಎಂಗೆ ವೇಗದ ಏಕಮಾನ ಬರೆದವರನ್ನು ನಾನು ಪ್ರತಿ ವರ್ಷ ನೋಡಿದ್ದೇನೆ.

ಇದೇ ಸಮೀಕರಣದಲ್ಲಿ ದೋಷ ಹಿಡಿಯಲು ನೆರವಾಗುವ ಇನ್ನೊಂದು ಸಂಗತಿ ಅಡಗಿದೆ. ಸಬ್‌ಸ್ಟ್ರೇಟ್ ಕೆಎಂನ ಒಂಬತ್ತು ಪಟ್ಟು ಇದ್ದರೂ ವೇಗ ಗರಿಷ್ಠದ ಶೇಕಡಾ 90 ಮಾತ್ರ. ಗರಿಷ್ಠದ ಶೇಕಡಾ 10ರಿಂದ ಶೇಕಡಾ 90ಕ್ಕೆ ಹೋಗಲು ಸಾಂದ್ರತೆಯನ್ನು 81 ಪಟ್ಟು ಏರಿಸಬೇಕಾಗುತ್ತದೆ. ನಿಜವಾದ ಪರ್ಯಾಪ್ತತೆ ಬಹಳ ನಿಧಾನ. ಹಠಾತ್ತನೆ ಮಟ್ಟಸವಾಗುವ ರೇಖೆಯನ್ನು ಕಂಡರೆ ಸಂಶಯ ಪಡಲೇಬೇಕು.

ಮೊದಲ ಪರೀಕ್ಷೆ: ರೇಖೆ ತನ್ನ ಮಾತಿಗೆ ತಾನೇ ಒಪ್ಪುತ್ತದೆಯೇ?

ಫೋನಿನಲ್ಲಿಯೇ ಇದನ್ನು ಮಾಡಿದೆವು. ಇದಕ್ಕೆ ಪೆನ್ನು, ಕಾಗದ ಸಾಕು. ಕೆಎಂ 0.22 ಎಂದು ನಂಬೋಣ. ಹಾಗಾದರೆ 1 ಮಿಲಿಮೋಲಾರ್‌ನಲ್ಲಿ ವೇಗ ಎಷ್ಟಿರಬೇಕು? ಒಂದನ್ನು 1.22ರಿಂದ ಭಾಗಿಸಿದರೆ 0.82. ಗರಿಷ್ಠ 2.00 ಎಂದಾದರೆ ಓ.ಡಿ. 1.64 ಬರಬೇಕಿತ್ತು. ಬಂದದ್ದು 1.94. ಒಂದರಿಂದ ಐದು ಮಿಲಿಮೋಲಾರ್‌ಗೆ ಹೋಗುವಾಗ ಇನ್ನೂ ಎದ್ದು ಕಾಣುವ ಏರಿಕೆ ಇರಬೇಕಿತ್ತು; ಇಲ್ಲಿ 1.94ರಿಂದ 2.00, ಶೇಕಡಾ ಮೂರು ಅಷ್ಟೇ.

ಅಂದರೆ ರೇಖೆ ಬಾಗಿದೆ, ಆದರೆ ಮೈಕೇಲಿಸ್-ಮೆಂಟೆನ್ ಸಮೀಕರಣ ಬಾಗಿಸುವ ರೀತಿಯಲ್ಲಿ ಬಾಗಿಲ್ಲ. ಅದನ್ನು ಮಟ್ಟಸ ಮಾಡುತ್ತಿರುವುದು ಬೇರೇನೋ.

ಓ.ಡಿ. 2.00 ಎಂಬ ಸಂಖ್ಯೆಯೇ ನನಗೆ ಸುಳಿವಿನಂತೆ ತೋರಿತು. ಓ.ಡಿ. 1 ಎಂದರೆ ಹಾಕಿದ ಬೆಳಕಿನಲ್ಲಿ ಹತ್ತರಲ್ಲಿ ಒಂದು ಪಾಲು ಆಚೆ ಬರುತ್ತದೆ. ಓ.ಡಿ. 2 ಎಂದರೆ ನೂರರಲ್ಲಿ ಒಂದು ಪಾಲು, 4 ಎಂದರೆ ಹತ್ತು ಸಾವಿರದಲ್ಲಿ ಒಂದು. ಸಾಧಾರಣ ಉಪಕರಣದೊಳಗೆ ದ್ರಾವಣ ತುಂಬುವ ಸಣ್ಣ ಪಾತ್ರೆಯಾದ ಕ್ಯುವೆಟ್‌ನಿಂದ ಹೀರಲ್ಪಡದೆ ಸುತ್ತಿಬಳಸಿ ಸೆನ್ಸರ್‌ಗೆ ತಾಗುವ ದಾರಿತಪ್ಪಿದ ಬೆಳಕು ಸ್ವಲ್ಪ ಇದ್ದೇ ಇರುತ್ತದೆ. ಅದು ಶೇಕಡಾ ಒಂದರಷ್ಟಿದ್ದರೆ, ದ್ರಾವಣ ಎಷ್ಟೇ ಗಾಢವಾಗಿರಲಿ, ಉಪಕರಣ 2ಕ್ಕಿಂತ ಮೇಲೆ ತೋರಿಸಲಾರದು. ಮಾರುಕಟ್ಟೆಯ ಉದಾಹರಣೆಯಲ್ಲಿ ಹೇಳುವುದಾದರೆ ಕಾಂಟಾಗಳು ತುಂಬಿಲ್ಲ, ತೂಕ ಭರದಿಂದ ಸಾಗಿದೆ. ಬಾಗಿಲಲ್ಲಿ ಕುಳಿತ ಗುಮಾಸ್ತರ ಕೈಯಲ್ಲಿ ಗಂಟೆಗೆ ಇನ್ನೂರಕ್ಕಿಂತ ಹೆಚ್ಚು ಬರೆಯಲಾಗುತ್ತಿಲ್ಲ. ವಹಿಯನ್ನು ಮಾತ್ರ ನೋಡಿದವರಿಗೆ ಅಂಗಳ ತುಂಬಿದೆ ಎನಿಸುತ್ತದೆ.

ಎರಡನೆಯ ಪರೀಕ್ಷೆ: ಬಣ್ಣವನ್ನು ತಿಳಿಗೊಳಿಸಿ ಓದುವುದು

"ಒಂದು ಕೆಲಸ ಮಾಡು ತಂಗಿ," ಎಂದೆ. "5 ಮಿಲಿಮೋಲಾರ್ ಟ್ಯೂಬ್‌ನ ಹಳದಿ ದ್ರಾವಣದಲ್ಲಿ 1 ಮಿಲಿಲೀಟರ್ ತೆಗೆದುಕೋ. ಅದಕ್ಕೆ 9 ಮಿಲಿಲೀಟರ್ ದುರ್ಬಲ ಹೈಡ್ರಾಕ್ಸೈಡ್ ಬೆರೆಸಿ ಮತ್ತೆ ಓದು. ನೀರು ಬೇಡ. ಕ್ಷಾರ ಕಡಿಮೆಯಾದರೆ ಹಳದಿ ಬಣ್ಣವೇ ಕುಂದುವ ಅಪಾಯ ಇದೆ."

ಉಪಕರಣ ನಿಜ ಹೇಳುತ್ತಿದ್ದರೆ 2.00 ಇದ್ದದ್ದು 0.20 ಆಗಬೇಕು. ಮರುದಿನ ಅವರು ಓದಿದಾಗ 0.40 ಬಂದಿತು. ಅಂದರೆ ಆ ಟ್ಯೂಬ್‌ನ ನಿಜವಾದ ಓ.ಡಿ. ಸುಮಾರು 4. ಉಪಕರಣ ಅದರ ಅರ್ಧವನ್ನು ಮಾತ್ರ ತೋರಿಸುತ್ತಿತ್ತು.

ಇದನ್ನು ಖಚಿತಪಡಿಸಲು ಇನ್ನೊಂದು ದಾರಿಯೂ ಇದೆ, ಮತ್ತು ಕಲಿಸುವವರಿಗೆ ಅದು ಹೆಚ್ಚು ಉಪಯೋಗದ್ದು ಎಂದು ನನ್ನ ಅನಿಸಿಕೆ. ಕಿಣ್ವದ ಪ್ರಮಾಣವನ್ನು ಅರ್ಧ ಮಾಡಿ 5 ಮಿಲಿಮೋಲಾರ್ ಟ್ಯೂಬ್ ಒಂದನ್ನೇ ಮತ್ತೆ ಮಾಡುವುದು. ಗರಿಷ್ಠ ವೇಗ ಕಿಣ್ವದ ಪ್ರಮಾಣಕ್ಕೆ ನೇರ ಅನುಪಾತದಲ್ಲಿರುತ್ತದೆ. ಕಾಂಟಾ ಐದಾದರೆ ತೂಕವೂ ಅರ್ಧ. ಆದ್ದರಿಂದ ಮಟ್ಟಸವಾದ ಭಾಗ ಕಿಣ್ವದ್ದೇ ಆಗಿದ್ದರೆ 2.00 ಇಳಿದು 1.00ರ ಹತ್ತಿರ ಬರಬೇಕು. ಅವರಿಗೆ ಬಂದದ್ದು 1.72. ಕಿಣ್ವ ಅರ್ಧವಾದರೂ ಹೆಚ್ಚು ಕದಲದ ಮಟ್ಟಸ ಕಿಣ್ವದ್ದಲ್ಲ.

ಇಲ್ಲಿಗೆ ನಿಲ್ಲಿಸಿದ್ದರೆ ಇನ್ನೊಂದು ತಪ್ಪಾಗುತ್ತಿತ್ತು

ಕಾರಣ ಸಿಕ್ಕಿತು ಎಂಬ ಸಂತೋಷದಲ್ಲಿ ಅವರು ಗಾಢವಾದ ಟ್ಯೂಬ್‌ಗಳನ್ನೆಲ್ಲ ತಿಳಿಗೊಳಿಸಿ ಓದಿ, ಪಟ್ಟು ಮಾಡಿ, ಹೊಸ ಗ್ರಾಫ್ ಹಾಕಿದರು. ಈಗ ಕೆಎಂ 0.7ರ ಸುತ್ತ ಬಂದಿತು. 0.2 ಕಡಿಮೆಯಾಗಿತ್ತು, ಈಗ 0.7 ಹೆಚ್ಚಾಯಿತು. ಶನಿವಾರ ನಾನೇ ಹುಬ್ಬಳ್ಳಿಯಲ್ಲಿ ಬಸ್ ಬದಲಿಸಿ ಗದಗಿಗೆ ಹೋದೆ. ಈ ಹಂತವನ್ನು ಟ್ಯೂಬ್‌ಗಳ ಮುಂದೆ ನಿಂತೇ ನೋಡಬೇಕು ಎನಿಸಿತ್ತು.

ಗಾಢವಾದ ತುದಿಯನ್ನು ಸರಿಪಡಿಸಿಯಾಗಿತ್ತು, ಹಾಗಾಗಿ ಈಗ ನೋಡಬೇಕಾದದ್ದು ತೆಳುವಾದ ತುದಿ. 0.1 ಮಿಲಿಮೋಲಾರ್ ಸಬ್‌ಸ್ಟ್ರೇಟ್‌ನ ಐದು ಟ್ಯೂಬ್‌ಗಳನ್ನು ಇಟ್ಟು, 2, 4, 6, 8, 10 ನಿಮಿಷಕ್ಕೆ ಒಂದೊಂದನ್ನು ನಿಲ್ಲಿಸಿದೆವು. ಓದುಗಳು 0.14, 0.26, 0.36, 0.45, 0.52. ಮೊದಲ ಎರಡು ನಿಮಿಷದ ವೇಗದಲ್ಲೇ ಸಾಗಿದ್ದರೆ ಹತ್ತನೆಯ ನಿಮಿಷಕ್ಕೆ 0.70 ಆಗಬೇಕಿತ್ತು. ಹಾಗಾಗಿಲ್ಲ, ಏಕೆಂದರೆ ಟ್ಯೂಬ್‌ನಲ್ಲಿದ್ದ ಸಬ್‌ಸ್ಟ್ರೇಟ್ ಖಾಲಿಯಾಗುತ್ತ ಬಂದಿತ್ತು.

ಎಷ್ಟು ಖಾಲಿಯಾಯಿತು ಎಂದೂ ಲೆಕ್ಕ ಹಾಕಬಹುದು. 1 ಮಿಲಿಮೋಲಾರ್ ನೈಟ್ರೋಫಿನಾಲ್ ಕ್ಷಾರದಲ್ಲಿ, 1 ಸೆಂಟಿಮೀಟರ್ ಕ್ಯುವೆಟ್‌ನಲ್ಲಿ, ಸುಮಾರು 18 ಓ.ಡಿ. ಕೊಡುತ್ತದೆ. ನಾವು ಹೈಡ್ರಾಕ್ಸೈಡ್ ಹಾಕಿ ಎರಡರಷ್ಟು ತಿಳಿಗೊಳಿಸಿದ್ದರಿಂದ ಅದು 9. 0.52ನ್ನು 9ರಿಂದ ಭಾಗಿಸಿದರೆ 0.058 ಮಿಲಿಮೋಲಾರ್. ಇದ್ದದ್ದೇ 0.1. ಅರ್ಧಕ್ಕಿಂತ ಹೆಚ್ಚು ಮುಗಿದುಹೋಗಿದೆ. ಗ್ರಾಫ್‌ನ ಅಡ್ಡ ಅಕ್ಷದಲ್ಲಿ 0.1 ಎಂದು ಬರೆದಿದ್ದರೂ ಹತ್ತು ನಿಮಿಷದ ಕೊನೆಯಲ್ಲಿ ಕಿಣ್ವದ ಮುಂದೆ ಇದ್ದದ್ದು 0.04 ಮಾತ್ರ.

ಅದೇ ಹೊತ್ತಿನಲ್ಲಿ 5 ಮಿಲಿಮೋಲಾರ್ ಟ್ಯೂಬ್‌ನಲ್ಲಿ ಹತ್ತನೆಯ ಒಂದು ಪಾಲೂ ಖರ್ಚಾಗಿರಲಿಲ್ಲ. ಹೀಗೆ ತೆಳುವಾದ ಟ್ಯೂಬ್‌ಗಳ ವೇಗ ಮಾತ್ರ ಕುಗ್ಗಿ ಕಾಣುತ್ತದೆ, ಗಾಢವಾದವುಗಳದು ಹಾಗೆಯೇ ಉಳಿಯುತ್ತದೆ, ಅರ್ಧದ ಬಿಂದು ಬಲಕ್ಕೆ ಸರಿಯುತ್ತದೆ, ಕೆಎಂ ಹಿಗ್ಗುತ್ತದೆ. ಉಪಕರಣದ ಮಿತಿ ಅದನ್ನು ಎಡಕ್ಕೆ ಎಳೆಯುತ್ತಿತ್ತು. ಎರಡು ದೋಷಗಳು ಎದುರುಬದುರಾಗಿ ಜಗ್ಗಾಡುತ್ತಿದ್ದವು. ಇನ್ನೊಂದು ಉಪಕರಣದಲ್ಲಿ, ಮಿತಿ ಸ್ವಲ್ಪ ಮೇಲಿದ್ದಿದ್ದರೆ, ಎರಡೂ ಸರಿದೂಗಿ 0.5 ಎಂದೇ ಬಂದುಬಿಡುತ್ತಿತ್ತು. ನನಗೆ ನಿಜವಾಗಿ ಭಯವಾದದ್ದು ಆ ಸಾಧ್ಯತೆಯಿಂದ. ಉತ್ತರ ಹೊಂದಿತೆಂದು ಎಲ್ಲರೂ ಸಹಿ ಹಾಕುತ್ತಿದ್ದರು.

ಎರಡೂ ದೋಷಗಳ ಬೇರು ಒಂದೇ: ಕಿಣ್ವ ಹೆಚ್ಚಾಗಿತ್ತು. ಆ ವರ್ಷ ಮೊಳಕೆ ಚೆನ್ನಾಗಿ ಬಂದು ಅರೆದ ತಿಳಿಯಲ್ಲಿ ಕಿಣ್ವ ಸಮೃದ್ಧವಾಗಿತ್ತು, ಮತ್ತು ಹ್ಯಾಂಡೌಟಿನಲ್ಲಿ "0.1 ಮಿಲಿಲೀಟರ್ ಕಿಣ್ವ ಹಾಕಿ" ಎಂದಷ್ಟೇ ಇತ್ತು, ಆ ತಿಳಿಯನ್ನು ಎಷ್ಟು ತೆಳುಮಾಡಬೇಕು ಎಂಬುದಿರಲಿಲ್ಲ. ಮೊಳಕೆಯ ತಿಳಿ ಸೀಸೆಯಲ್ಲಿ ಬರುವ ರಾಸಾಯನಿಕವಲ್ಲ. ಅದರ ಬಲ ಪ್ರತಿ ಸಲ ಬೇರೆ.

ಸರಿಪಡಿಸಿದ ಪ್ರಯೋಗ

ತಿಳಿಯನ್ನು ಅದೇ ಬಫರ್‌ನಲ್ಲಿ ಹತ್ತು ಪಟ್ಟು ತೆಳುಮಾಡಿದೆವು. ಉಳಿದದ್ದನ್ನೆಲ್ಲ ಹಾಗೆಯೇ ಇಟ್ಟು ಮಾಡಿದಾಗ ಸಿಕ್ಕ ಓದುಗಳು 0.07, 0.15, 0.22, 0.29, 0.35, 0.40. ಹಳದಿ ಮೊದಲಿನಷ್ಟು ಗಾಢವಿರಲಿಲ್ಲ, ಇದು ಸಾಲದೇನೋ ಎಂದು ವಿದ್ಯಾರ್ಥಿಗಳು ಅನುಮಾನಿಸಿದರು. ಆದರೆ 0.1 ಮಿಲಿಮೋಲಾರ್ ಟ್ಯೂಬ್‌ನಲ್ಲಿ ಖರ್ಚಾದದ್ದು ಈಗ ಶೇಕಡಾ ಎಂಟರಷ್ಟು. ಶೇಕಡಾ ಹತ್ತರ ಒಳಗಿದ್ದರೆ ಅದನ್ನು ಆರಂಭದ ವೇಗ ಎಂದು ಒಪ್ಪಿಕೊಳ್ಳುವುದು ರೂಢಿ.

ರೇಖೆಯ ನೋಟವೂ ಬದಲಾಯಿತು. ಅದು ಎಲ್ಲಿಯೂ ಮಟ್ಟಸವಾಗಲಿಲ್ಲ. ಐದು ಮಿಲಿಮೋಲಾರ್‌ನಲ್ಲೂ ಇನ್ನೂ ಮೆಲ್ಲಗೆ ಏರುತ್ತಲೇ ಇತ್ತು. "ಹ್ಯಾಂಡೌಟಿನಂತೆ ಬರಲಿಲ್ಲವಲ್ಲ ಸರ್" ಎಂದು ಒಬ್ಬ ಹುಡುಗ ಬೇಸರದಿಂದ ಹೇಳಿದ. ಹ್ಯಾಂಡೌಟಿನ ಚಿತ್ರದಲ್ಲಿ ರೇಖೆ ಮೇಲಿನ ಚುಕ್ಕೆಗೆರೆಗೆ ತಾಗಿ ಸಾಗುವಂತೆ ಬರೆದಿದ್ದಾರೆ. ಅದು ಕೈಯಿಂದ ಬರೆದ ಚಿತ್ರ. ಸಮೀಕರಣದ ರೇಖೆ ಆ ಗೆರೆಯ ಹತ್ತಿರ ಹೋಗುತ್ತಲೇ ಇರುತ್ತದೆ, ಎಂದೂ ತಾಗುವುದಿಲ್ಲ.

ಇದರಿಂದಲೇ ಹ್ಯಾಂಡೌಟಿನ ಇನ್ನೊಂದು ಕೊರತೆ ಹೊರಬಿತ್ತು. ಅದು "ಅತಿ ಹೆಚ್ಚು ಓದಿನ ಅರ್ಧ ತೆಗೆದುಕೊಳ್ಳಿ" ಎನ್ನುತ್ತದೆ. 0.40ರ ಅರ್ಧ 0.20, ಅದಕ್ಕೆ ಹೊಂದುವ ಸಾಂದ್ರತೆ 0.43. ಆದರೆ 0.40 ಗರಿಷ್ಠ ವೇಗವಲ್ಲ, ನಾವು ಅಳೆದವುಗಳಲ್ಲಿ ದೊಡ್ಡದು ಅಷ್ಟೇ. ಗರಿಷ್ಠವನ್ನು ಕಣ್ಣಳತೆಯಲ್ಲಿ ಹಿಡಿಯುವ ಬದಲು ಎಲ್ಲ ಬಿಂದುಗಳಿಂದ ಲೆಕ್ಕ ಹಾಕಿ ತೆಗೆಯಬೇಕು. ಪ್ರತಿ ಸಾಂದ್ರತೆಯನ್ನು ಅದರ ಓ.ಡಿ.ಯಿಂದ ಭಾಗಿಸಿ, ಆ ಭಾಗಲಬ್ಧವನ್ನು ಸಾಂದ್ರತೆಯ ಎದುರು ಗುರುತಿಸಿದರೆ ಸರಳರೇಖೆ ಸಿಗುತ್ತದೆ:

```
S/v = Km/Vmax + S/Vmax
```

ನಮ್ಮ ಭಾಗಲಬ್ಧಗಳು 1.43, 1.67, 2.27, 3.45, 5.71, 12.5. ರೇಖೆಯ ಇಳಿಜಾರು 2.27, ನಿಂತ ಅಕ್ಷವನ್ನು ಕತ್ತರಿಸಿದ್ದು 1.16ರಲ್ಲಿ. ಒಂದನ್ನು 2.27ರಿಂದ ಭಾಗಿಸಿದರೆ ಗರಿಷ್ಠ ವೇಗ 0.44, ಅಂದರೆ ಹತ್ತು ನಿಮಿಷಕ್ಕೆ ಅಷ್ಟು ಓ.ಡಿ. 1.16ನ್ನು 0.44ರಿಂದ ಗುಣಿಸಿದರೆ ಕೆಎಂ 0.51 ಮಿಲಿಮೋಲಾರ್. ಎರಡು ಅಕ್ಷಗಳಲ್ಲೂ ವಿಲೋಮ ಹಾಕುವ ಲೈನ್‌ವೀವರ್-ಬರ್ಕ್ ನಕ್ಷೆಯೇ ಪಠ್ಯಪುಸ್ತಕಗಳಲ್ಲಿ ಹೆಚ್ಚು ಪರಿಚಿತ. ನಾನು ಇಲ್ಲಿ ಅದನ್ನು ಬಳಸಲಿಲ್ಲ. 0.07ರ ಓದಿನಲ್ಲಿ 0.01ರಷ್ಟು ತಪ್ಪಾದರೆ ಅದರ ವಿಲೋಮ 14ರಿಂದ 17ರ ಹತ್ತಿರ ಹಾರುತ್ತದೆ, ಮತ್ತು ಆ ಒಂದೇ ಬಿಂದು ಇಡೀ ರೇಖೆಯನ್ನು ಎಳೆದುಕೊಂಡು ಹೋಗುತ್ತದೆ.

ಗರಿಷ್ಠ ವೇಗವನ್ನು ನಾವು ಓ.ಡಿ.ಯಲ್ಲೇ ಬಿಟ್ಟಿದ್ದನ್ನು ಗಮನಿಸಿ. ಕೆಎಂ ಅಡ್ಡ ಅಕ್ಷದ ಮೇಲಿರುವುದರಿಂದ ನಿಂತ ಅಕ್ಷದ ಏಕಮಾನ ಯಾವುದಾದರೂ ನಡೆಯುತ್ತದೆ. ಆದರೆ ಒಂದು ಷರತ್ತು: ಅಲ್ಲಿ ಬರೆದ ಸಂಖ್ಯೆ ವೇಗಕ್ಕೆ ಅನುಪಾತದಲ್ಲಿರಬೇಕು, ಮೇಲಿನ ತುದಿಯಲ್ಲೂ ಕೆಳಗಿನ ತುದಿಯಲ್ಲೂ. ಮೊದಲ ಪ್ರಯೋಗದಲ್ಲಿ ಮುರಿದುಬಿದ್ದದ್ದು ಈ ಷರತ್ತೇ.

ಈ 0.51 ಏನು ಹೇಳುತ್ತದೆ, ಏನು ಹೇಳುವುದಿಲ್ಲ

ಐದು ಪಿಎಚ್‌ನಲ್ಲಿ, ನಾವು ಇಟ್ಟ ಉಷ್ಣತೆಯಲ್ಲಿ, ಈ ಸಬ್‌ಸ್ಟ್ರೇಟ್ ಅರ್ಧ ಮಿಲಿಮೋಲಾರ್ ಇದ್ದಾಗ ಹೆಸರುಮೊಳಕೆಯ ಕಿಣ್ವದ ಜಾಗಗಳಲ್ಲಿ ಅರ್ಧ ತುಂಬಿರುತ್ತವೆ ಎಂದು ಅದು ಹೇಳುತ್ತದೆ. ಕಿಣ್ವವನ್ನು ಹತ್ತು ಪಟ್ಟು ತೆಳುಮಾಡಿದರೆ ಗರಿಷ್ಠ ವೇಗ ಹತ್ತನೆಯ ಒಂದಾಗುತ್ತದೆ, ಕೆಎಂ ಕದಲುವುದಿಲ್ಲ. ಪಿಎಚ್, ಉಷ್ಣತೆ ಅಥವಾ ಸಬ್‌ಸ್ಟ್ರೇಟ್ ಬದಲಾದರೆ ಸಂಖ್ಯೆಯೂ ಬದಲಾಗಬಹುದು. ಆದ್ದರಿಂದ ಹ್ಯಾಂಡೌಟಿನ 0.5 ಎಲ್ಲ ಊರಿನ ಎಲ್ಲ ಕಿಣ್ವಕ್ಕೂ ಇರುವ ಉತ್ತರವಲ್ಲ.

ಕೆಎಂ ಕಡಿಮೆಯಿದ್ದರೆ ಹಿಡಿತ ಬಿಗಿ ಎಂದು ಹೇಳಿಕೊಡುವುದು ವಾಡಿಕೆ. ಇದು ಯಾವಾಗಲೂ ನಿಜವಲ್ಲ. ಬ್ರಿಗ್ಸ್ ಮತ್ತು ಹಾಲ್ಡೇನ್ 1925ರಲ್ಲಿ ತೋರಿಸಿದಂತೆ ಸಬ್‌ಸ್ಟ್ರೇಟ್ ಕೂರುವ ವೇಗ, ಎದ್ದುಹೋಗುವ ವೇಗ, ಒಡೆದು ಉತ್ಪನ್ನವಾಗುವ ವೇಗ ಮೂರೂ ಕೆಎಂನಲ್ಲಿ ಬೆರೆತಿವೆ. ಒಡೆಯುವ ಕೆಲಸ ಎದ್ದುಹೋಗುವುದಕ್ಕಿಂತ ತುಂಬ ನಿಧಾನವಾಗಿದ್ದಾಗ ಮಾತ್ರ ಕೆಎಂ ಹಿಡಿತದ ಅಳತೆಯಾಗುತ್ತದೆ.

ಇನ್ನೊಂದು ಎಚ್ಚರಿಕೆ ಈ ಕಿಣ್ವಕ್ಕೇ ಸಂಬಂಧಿಸಿದ್ದು. ಅಸಿಟೇಟ್ ಮುಗಿದಿದೆಯೆಂದು ಕಪಾಟಿನಲ್ಲಿರುವ ಫಾಸ್ಫೇಟ್ ಬಫರ್ ಬಳಸಬೇಡಿ. ಫಾಸ್ಫೇಟ್ ಈ ಕ್ರಿಯೆಯ ಉತ್ಪನ್ನವೇ ಆಗಿದ್ದು, ಸಬ್‌ಸ್ಟ್ರೇಟ್ ಕೂರುವ ಜಾಗದಲ್ಲೇ ತಾನು ಕೂರುತ್ತದೆ. ಆಗ ಗರಿಷ್ಠ ವೇಗ ಉಳಿಯುತ್ತದೆ, ಕೆಎಂ ಮಾತ್ರ ಏರಿ ಕಾಣುತ್ತದೆ, ಮತ್ತು ಮೇಲೆ ಹೇಳಿದ ಯಾವ ಪರೀಕ್ಷೆಯಲ್ಲೂ ಅದು ಸಿಕ್ಕಿಬೀಳುವುದಿಲ್ಲ.

ಅವರ ಹ್ಯಾಂಡೌಟಿನಲ್ಲಿ ಈಗ ಎರಡು ಸಾಲು ಸೇರಿವೆ. 5 ಮಿಲಿಮೋಲಾರ್ ಟ್ಯೂಬ್‌ನ ಓ.ಡಿ. 0.3ರಿಂದ 0.5ರ ನಡುವೆ ಬರುವವರೆಗೆ ಕಿಣ್ವವನ್ನು ತೆಳುಮಾಡಿ ನೋಡಿ. ಆಮೇಲೆ 0.1 ಮಿಲಿಮೋಲಾರ್ ಟ್ಯೂಬ್ ಒಂದನ್ನು ಐದು ನಿಮಿಷಕ್ಕೆ, ಇನ್ನೊಂದನ್ನು ಹತ್ತು ನಿಮಿಷಕ್ಕೆ ನಿಲ್ಲಿಸಿ. ಎರಡನೆಯದು ಮೊದಲನೆಯದರ ಸುಮಾರು ಎರಡರಷ್ಟು ಇದ್ದರೆ ಮಾತ್ರ ಆರೂ ಟ್ಯೂಬ್‌ಗಳನ್ನು ಶುರುಮಾಡಿ.